ಗಾಣದ ಎಣ್ಣೆಗೆ ಹೆಸರು: ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೆಡದಂತೆ ಆರಿಸುವುದು ಹೇಗೆ?

ಶೇಂಗಾಸೀಮೆ (ಚಳ್ಳಕೆರೆ)

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆಯಲ್ಲಿ ನಮ್ಮದೊಂದು ಮರದ ಗಾಣದ ಎಣ್ಣೆ ಘಟಕವಿದೆ. ಶೇಂಗಾ, ಕೊಬ್ಬರಿ ಮತ್ತು ಎಳ್ಳಿನ ಎಣ್ಣೆ ತೆಗೆಯುತ್ತೇವೆ. ಇಷ್ಟು ವರ್ಷ ಸುತ್ತಲಿನ ಊರಿನವರು ತಾವೇ ಡಬ್ಬಿ ತಂದು ತುಂಬಿಸಿಕೊಂಡು ಹೋಗುತ್ತಿದ್ದುದರಿಂದ ಹೆಸರಿನ ಅಗತ್ಯವೇ ಬಿದ್ದಿರಲಿಲ್ಲ. ಈಗ ಬೆಂಗಳೂರಿನ ಕೆಲವು ಅಂಗಡಿಗಳಿಗೆ ಬಾಟಲಿಯಲ್ಲಿ ತುಂಬಿ ಕೊಡಬೇಕಾಗಿದೆ, ಆನ್‌ಲೈನ್ ಮಾರಾಟವನ್ನೂ ಆರಂಭಿಸುವ ಯೋಚನೆಯಿದೆ.

ಮನೆಯವರೆಲ್ಲ ಸೇರಿ ನಾಲ್ಕು ಹೆಸರುಗಳನ್ನು ಉಳಿಸಿಕೊಂಡಿದ್ದೇವೆ: ಗಾಣ, ಹಳ್ಳಿ, ಒರಳು, ತಿಳಿ. ಊರಿನಲ್ಲಿರುವ ಅಂಗಡಿಗೆ ಮಾತ್ರ ‘ಎಣ್ಣೆಮನೆ’ ಎಂದು ಬೋರ್ಡು ಹಾಕಿಸಬೇಕೆಂಬುದು ನನ್ನ ಹೆಂಡತಿಯ ಅಪೇಕ್ಷೆ. ಕನ್ನಡದಲ್ಲಿ ಬರೆದು ನೋಡಿದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಆದರೆ ಬೆಂಗಳೂರಿನ ಅಂಗಡಿಯೊಬ್ಬರು ‘ಹಳ್ಳಿ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ ಎಂದು ಕೇಳಿದಾಗ ನಾನು Halli ಎಂದು ಬರೆದುಕೊಟ್ಟೆ, ಅವರು ಅದನ್ನು ಓದಿ ನಕ್ಕರು. ಲೇಬಲ್ ಅಚ್ಚಿಗೆ ಕೊಡುವ ಮೊದಲು ತಿಳಿದವರ ಅಭಿಪ್ರಾಯ ಬೇಕು.

ಅಚ್ಚುಮೊಳೆ (ಬೆಂಗಳೂರು)

ನಾನು ಲೇಬಲ್ ಮತ್ತು ಪೊಟ್ಟಣಗಳ ವಿನ್ಯಾಸ ಮಾಡುವವನು. ಆ ಅಂಗಡಿಯವರು ನಕ್ಕ ಕಾರಣವನ್ನು ನೇರವಾಗಿ ಹೇಳಿಬಿಡುತ್ತೇನೆ. ಇಂಗ್ಲಿಷ್ ಅಕ್ಷರಗಳಲ್ಲಿ ಲ ಮತ್ತು ಳ ಎರಡಕ್ಕೂ ಇರುವುದು ಒಂದೇ ಅಕ್ಷರ. ಹೀಗಾಗಿ Halli ಎಂಬುದನ್ನು ಹಳ್ಳಿ ಎಂದೂ ಓದಬಹುದು, ಹಲ್ಲಿ ಎಂದೂ ಓದಬಹುದು. ಅಡುಗೆ ಎಣ್ಣೆಯ ಬಾಟಲಿಯ ಮೇಲೆ ಹಲ್ಲಿ ನೆನಪಾಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಪಕ್ಕದಲ್ಲೇ ಕನ್ನಡದಲ್ಲಿ ಹಳ್ಳಿ ಎಂದು ದಪ್ಪಕ್ಷರದಲ್ಲಿ ಇರುತ್ತದಲ್ಲ ಎಂದು ನೀವು ಕೇಳಬಹುದು. ಲೇಬಲಿನ ಮೇಲೆ ಇರುತ್ತದೆ, ಅಂಗಡಿಯ ಬೋರ್ಡಿನಲ್ಲಂತೂ ಶೇಕಡಾ 60ರಷ್ಟು ಕನ್ನಡವೇ ಇರಬೇಕೆಂಬ ನಿಯಮವಿದೆ. ತೊಂದರೆ ಬರುವುದು ಹೆಸರು ಕನ್ನಡದ ಜೊತೆಯಿಲ್ಲದೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂಟಿಯಾಗಿ ಹೋಗುವ ಕಡೆಗಳಲ್ಲಿ: ಯುಪಿಐ ಪಾವತಿಯ ಪರದೆಯಲ್ಲಿ, ಅಂಗಡಿಯ ಬಿಲ್ಲಿನಲ್ಲಿ, ಕೊರಿಯರ್ ಚೀಟಿಯಲ್ಲಿ, ಆನ್‌ಲೈನ್ ಪಟ್ಟಿಯಲ್ಲಿ. ಅಲ್ಲಿ ಅದನ್ನು ಕಂಡ ಕನ್ನಡಿಗನು ಮನಸ್ಸಿನಲ್ಲೇ ಮತ್ತೆ ಕನ್ನಡಕ್ಕೆ ತಿರುಗಿಸಿಕೊಂಡು ಓದುತ್ತಾನೆ. ಹಾಗೆ ತಿರುಗಿ ಬರುವಾಗ ಬೇರೆ ಪದವಾಗಿ ಬರುತ್ತದೆಯೇ ಎಂಬುದನ್ನೇ ನೀವು ಮೊದಲು ನೋಡಬೇಕು.

ಇದಕ್ಕೆ ನಾನು ಮಾಡುವ ಪರೀಕ್ಷೆ ಸರಳವಾದದ್ದು. ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಒಂದು ಚೀಟಿಯ ಮೇಲೆ ಬರೆದು, ನಿಮ್ಮ ವ್ಯಾಪಾರದ ಬಗ್ಗೆ ಏನೂ ಗೊತ್ತಿಲ್ಲದ ಕನ್ನಡಿಗರಿಗೆ ಕೊಟ್ಟು, ಇದನ್ನು ಕನ್ನಡದಲ್ಲಿ ಬರೆಯಿರಿ ಎಂದು ಕೇಳಿ. ಅದೇ ಚೀಟಿಯನ್ನು ಕನ್ನಡ ಬಾರದವರಿಗೆ ತೋರಿಸಿ, ಗಟ್ಟಿಯಾಗಿ ಓದಿರಿ ಎಂದು ಹೇಳಿ. ಮೂರನೆಯದಾಗಿ ಫೋನಿನಲ್ಲಿ ಹೆಸರನ್ನು ಒಮ್ಮೆ ಮಾತ್ರ ಹೇಳಿ, ಇಂಗ್ಲಿಷಿನಲ್ಲಿ ಬರೆದುಕೊಳ್ಳಲು ಕೇಳಿ. ಎಣ್ಣೆಯ ವಿಷಯವನ್ನು ಮೊದಲೇ ಬಾಯಿಬಿಟ್ಟರೆ ಅವರು ಊಹಿಸಿ ಸರಿಯಾಗಿ ಹೇಳಿಬಿಡುತ್ತಾರೆ, ಪರೀಕ್ಷೆ ವ್ಯರ್ಥವಾಗುತ್ತದೆ.

ನಿಮ್ಮ ಉಳಿದ ಹೆಸರುಗಳಲ್ಲಿ ‘ಗಾಣ’ವನ್ನು Gana ಎಂದು ಬರೆದರೆ ಗಣ, ಗಾನ, ಗಾಣ ಮೂರೂ ಆಗುತ್ತದೆ. Gaana ಎಂದು ಬರೆದರೆ ಹಾಡು ಕೇಳಿಸುವ ಆ್ಯಪ್‌ನ ಹೆಸರೇ ಆಗಿಬಿಡುತ್ತದೆ, ಹುಡುಕಿದವರಿಗೆ ನಿಮ್ಮ ಎಣ್ಣೆ ಸಿಗುವುದೇ ಇಲ್ಲ. ‘ಒರಳು’ ನನಗೆ ತುಂಬ ಇಷ್ಟವಾದ ಪದ, ಆದರೆ Oralu ಎಂದು ಬರೆದೊಡನೆ ಇಂಗ್ಲಿಷ್ ಓದುವವನ ಕಣ್ಣು ಮೊದಲ ನಾಲ್ಕು ಅಕ್ಷರಗಳಲ್ಲೇ ನಿಂತು, ಬಾಯಿಗೆ ಹಾಕುವ ಔಷಧಿಯೆಂದು ಭಾವಿಸುತ್ತದೆ.

ಮಂಡ್ಯದ ಬೆಲ್ಲ

‘ಎಣ್ಣೆಮನೆ’ ಎಂಬ ಬೋರ್ಡನ್ನು ದಯವಿಟ್ಟು ಹಾಕಿಸಬೇಡಿ. ನಮ್ಮ ಕಡೆಯ ಹುಡುಗರ ಮಾತಿನಲ್ಲಿ ಎಣ್ಣೆ ಎಂದರೆ ಮದ್ಯ. ತಾಯಂದಿರಿಗೆ ಅದು ಅಡುಗೆಯ ಎಣ್ಣೆಯಾಗಿಯೇ ಕೇಳಿಸಬಹುದು, ಆದರೆ ಮಗನನ್ನು ‘ಎಣ್ಣೆಮನೆಗೆ ಹೋಗಿ ಬಾ’ ಎಂದು ಕಳಿಸುವ ಮನೆಯಲ್ಲಿ ಪ್ರತಿ ಸಲವೂ ನಗು ಏಳುತ್ತದೆ.

ನಮ್ಮ ಭಾವನವರು ಹಾಲಿನ ವ್ಯಾಪಾರಕ್ಕೆ ‘ಹಾಲೂರು’ ಎಂದು ಹೆಸರಿಟ್ಟು, ವ್ಯಾನಿನ ಮೇಲೆ Haaluru ಎಂದು ಮಾತ್ರ ಬರೆಸಿದ್ದರು. ಓದಿದವರೆಲ್ಲ ಹಾಳೂರು ಎಂದೇ ಓದಿದರು. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ಗೊತ್ತಿರುವ ಊರಿನಲ್ಲಿ ಅವರಿಗೆ ಏನೆಂದು ಹೆಸರು ಬಿದ್ದಿರಬಹುದೆಂದು ನಾನು ಬರೆಯಬೇಕಾಗಿಲ್ಲ. ಇನ್ನೊಂದು ವಿಷಯ. ನಮ್ಮ ಸೀಮೆಯಲ್ಲಿ ಆಡುಮಾತಿನಲ್ಲಿ ಹ ಬಿದ್ದುಹೋಗುವುದುಂಟು, ಹಕ್ಕಿ ಅಕ್ಕಿಯಾಗುತ್ತದೆ. ಆದ್ದರಿಂದ ಹ ಅಕ್ಷರದಿಂದ ಆರಂಭವಾಗುವ ಹೆಸರನ್ನು ಎರಡು ಬಾರಿ ಯೋಚಿಸಿ ಇಡಬೇಕು.

ದಾವಣಗೆರೆ ವರ್ತಕ

ಇಷ್ಟೊಂದು ಹೆದರುವ ಅಗತ್ಯವಿಲ್ಲವೆಂದು ನನಗೆ ಅನಿಸುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಸೇರಿಸಿದರೆ ಎಲ್ಲವೂ ಸರಿಹೋಗುತ್ತದೆ. Hallli ಎಂದು ಮೂರು ಎಲ್ ಹಾಕಿ, ಅಥವಾ Gaannaa ಎಂದು ಬರೆಯಿರಿ. ಅಕ್ಷರ ಬದಲಾದ ಮೇಲೆ ಕಾನೂನಿನ ದೃಷ್ಟಿಯಲ್ಲಿಯೂ ಅದು ಬೇರೆಯೇ ಹೆಸರು. ನಮ್ಮ ರಾಜ್ಯದ ಹಾಲು ಮಹಾಮಂಡಳದ ‘ನಂದಿನಿ’ ಇರುವಾಗಲೇ, ಒಂದು ಎಚ್ ಸೇರಿಸಿಕೊಂಡ Nandhini ಹೋಟೆಲಿನವರು ಸುಪ್ರೀಂ ಕೋರ್ಟಿನಲ್ಲಿ ಗೆಲ್ಲಲಿಲ್ಲವೇ? ಸಂಖ್ಯಾಶಾಸ್ತ್ರದ ಪ್ರಕಾರವೂ ಅಕ್ಷರ ಸೇರಿಸುವುದು ಒಳ್ಳೆಯದೆಂದು ಹೇಳುತ್ತಾರೆ.

ಕರಡು ಅರ್ಜಿ (ವಕೀಲರು)

ವರ್ತಕರು ಹೇಳಿದ ಪ್ರಕರಣ ನಿಜ. ಆದರೆ ಅದರಿಂದ ಅವರು ತೆಗೆದುಕೊಂಡ ಅರ್ಥ ಪೂರ್ತಿ ಸರಿಯಲ್ಲ, ಅದನ್ನು ನಂಬಿ ಯಾರಾದರೂ ಲೇಬಲ್ ಅಚ್ಚು ಹಾಕಿಸಿದರೆ ನಷ್ಟವಾಗುತ್ತದೆ. 2018ರ ಜುಲೈಯಲ್ಲಿ ಬಂದ ಆ ತೀರ್ಪಿನಲ್ಲಿ ನಂದಿನಿ ಡಿಲಕ್ಸ್‌ನವರ ಪರವಾಗಿ ತೀರ್ಮಾನವಾದದ್ದು ಕೇವಲ ಒಂದು ಎಚ್ ಕಾರಣದಿಂದ ಅಲ್ಲ. ಅವರದು ಬಹುಕಾಲದಿಂದ ನಡೆದುಬಂದ ಹೋಟೆಲ್ ವ್ಯವಹಾರ, ಮಹಾಮಂಡಳದ್ದು ಹಾಲು ಮತ್ತು ಹಾಲಿನ ಉತ್ಪನ್ನ. ಎರಡರ ಗುರುತಿನ ಒಟ್ಟು ನೋಟವೂ ಬೇರೆ. ನಂದಿನಿ ಎಂಬುದು ಪುರಾಣದಲ್ಲಿರುವ, ಯಾರೂ ಸೃಷ್ಟಿಸದ ಪದ. ಇವೆಲ್ಲವನ್ನೂ ನ್ಯಾಯಾಲಯ ಒಟ್ಟಿಗೆ ತೂಗಿ ನೋಡಿತು. ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಆ ಹೆಸರಿನ ನೋಂದಣಿಯನ್ನು ಹೋಟೆಲಿನವರು ಬಿಟ್ಟುಕೊಟ್ಟರು ಎಂಬುದನ್ನೂ ಮರೆಯಬಾರದು. ಎರಡೂ ಪಕ್ಷದವರು ಹಾಲನ್ನೇ ಮಾರುತ್ತಿದ್ದರೆ ಆ ಎಚ್ ಅವರನ್ನು ಕಾಯುತ್ತಿತ್ತೆಂದು ನಾನು ಯಾವ ಕಕ್ಷಿದಾರರಿಗೂ ಹೇಳಲಾರೆ.

ಹೆಸರು ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದೂ ಮುಖ್ಯವೆಂದು 1962ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಔಷಧಿಗಳ ಪ್ರಕರಣದಲ್ಲಿ ಹೇಳಿತು. ಸಾಮಾನ್ಯ ಗ್ರಾಹಕನು ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದಿಲ್ಲ, ಅರೆಬರೆ ನೆನಪಿನಲ್ಲಿ ಕೇಳಿ ಕೊಳ್ಳುತ್ತಾನೆ. ಆದ್ದರಿಂದ Hallli ಎಂದು ಬರೆದರೂ ಅದು ಕಾನೂನಿಗೆ ಹಳ್ಳಿಯೇ, ಅಚ್ಚುಮೊಳೆಯವರ ಪರೀಕ್ಷೆಯಲ್ಲಿ ಅದು ಹಲ್ಲಿಯೂ ಹೌದು.

ಇನ್ನು ‘ಗಾಣ’. ಗಾಣದ ಎಣ್ಣೆಗೆ ಗಾಣವೆಂದೇ ಹೆಸರಿಟ್ಟರೆ, ಅದು ವಸ್ತುವನ್ನು ವರ್ಣಿಸುವ ಪದವೆಂದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನ ಅಡಿಯಲ್ಲಿ ಆಕ್ಷೇಪ ಬರುವುದು ಬಹುಮಟ್ಟಿಗೆ ಖಚಿತ. ಗಾಣ ಹಾಕಿಕೊಂಡವರೆಲ್ಲರೂ ಬಳಸಬೇಕಾದ ಪದವನ್ನು ಒಬ್ಬರಿಗೆ ಕೊಡಲು ಆಗುವುದಿಲ್ಲ. ಖಾದ್ಯ ಎಣ್ಣೆ 29ನೇ ವರ್ಗಕ್ಕೆ ಸೇರುತ್ತದೆ. ಕೊಬ್ಬರಿ ಎಣ್ಣೆಯನ್ನು ತಲೆಗೆ ಹಚ್ಚುವ ಎಣ್ಣೆಯೆಂದು ಮಾರುವುದಾದರೆ 3ನೇ ವರ್ಗವೂ ಬೇಕು. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಪ್ರತಿ ವರ್ಗಕ್ಕೆ 4,500 ರೂಪಾಯಿ ಶುಲ್ಕ, ಉಳಿದವರಿಗೆ 9,000. ಅರ್ಜಿಗೆ ಮೊದಲು ಇಲಾಖೆಯ ಸಾರ್ವಜನಿಕ ಹುಡುಕಾಟದಲ್ಲಿ, ಒಂದೇ ಕಾಗುಣಿತವನ್ನು ಹುಡುಕಿ ನಿಲ್ಲಿಸದೆ, ಉಚ್ಚಾರಣೆಯ ಮೇಲೆ ಹುಡುಕುವ ಆಯ್ಕೆಯನ್ನೂ ಬಳಸಿ.

ತೋಟದ ಜೇನು (ಶಿರಸಿ)

ಈ ಚರ್ಚೆ ನನಗಾಗಿಯೇ ಬಂದಂತಿದೆ. ನಾನು ‘ಮಲೆ’ ಎಂಬ ಹೆಸರಿನಲ್ಲಿ ಜೇನುತುಪ್ಪ ಮಾರುತ್ತೇನೆ. ಕನ್ನಡ ಹೆಸರನ್ನು ಲೇಬಲಿನ ಮೇಲ್ಭಾಗದಲ್ಲಿ ಹಾಕಬೇಕೇ ಕೆಳಗೆ ಹಾಕಬೇಕೇ, ಯಾವ ಫಾಂಟ್ ಒಳ್ಳೆಯದು ಎಂಬುದನ್ನು ಅಚ್ಚುಮೊಳೆಯವರು ತಿಳಿಸಿದರೆ ಉಪಕಾರವಾಗುತ್ತದೆ. ಇಂಗ್ಲಿಷಿನಲ್ಲಿ Male ಎಂದು ಹಾಕಿದ್ದೇನೆ.

ಅಚ್ಚುಮೊಳೆ (ಬೆಂಗಳೂರು)

ಮೇಡಂ, ಫಾಂಟಿನ ಮಾತು ಆಮೇಲೆ ಆಡೋಣ, ಮೊದಲು ಹೆಸರನ್ನು ನೋಡಿ. Male ಎಂಬುದನ್ನು ಇಂಗ್ಲಿಷ್ ಬಲ್ಲ ಯಾರೂ ಮಲೆ ಎಂದು ಓದುವುದಿಲ್ಲ, ‘ಮೇಲ್’ ಎಂದು ಓದುತ್ತಾರೆ, ಗಂಡಸರ ಜೇನುತುಪ್ಪ ಎಂಬ ಅರ್ಥ ಬರುತ್ತದೆ. ಕನ್ನಡಿಗರಲ್ಲಿ ಅರ್ಧ ಜನ ಅದನ್ನು ಮಳೆ ಎಂದು ಓದುತ್ತಾರೆ. ಜೇನಿಗೆ ನೀರು ಸೇರಿಸಿದ್ದಾರೆಂಬ ಅನುಮಾನ ಇದ್ದೇ ಇರುವಾಗ ಅದೂ ಒಳ್ಳೆಯದಲ್ಲ. ಕೊನೆಯಲ್ಲಿ ಎ ಸ್ವರ ಬರುವ ಕನ್ನಡ ಪದಗಳಿಗೆಲ್ಲ ಈ ಕಷ್ಟವಿದೆ, ಮನೆ, ಕೆನೆ, ತೆನೆ ಎಲ್ಲವೂ ಇಂಗ್ಲಿಷಿನಲ್ಲಿ ಕೊನೆಯ ಸ್ವರವನ್ನು ಕಳೆದುಕೊಳ್ಳುತ್ತವೆ. (ತೆನೆಗೆ ನಮ್ಮ ರಾಜ್ಯದಲ್ಲಿ ಒಂದು ಪಕ್ಷದ ಚುನಾವಣಾ ಚಿಹ್ನೆಯ ನೆನಪೂ ಅಂಟಿಕೊಂಡಿದೆ.)

ತೋಟದ ಜೇನು (ಶಿರಸಿ)

ಹಾಗಾದರೆ ‘ಮಲೆನಾಡು’ ಎಂದು ಪೂರ್ತಿಯಾಗಿ ಬರೆಯಲೇ? ಈಗಾಗಲೇ ಗ್ರಾಹಕರು ಮಲೆ ಜೇನು ಎಂದೇ ಕೇಳಿ ಪಡೆಯುತ್ತಿದ್ದಾರೆ, ಅವರನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಕರಡು ಅರ್ಜಿ (ವಕೀಲರು)

ಮಲೆನಾಡು ಎಂಬುದು ಪ್ರದೇಶದ ಹೆಸರು. ಅದೊಂದನ್ನೇ ನಿಮ್ಮದಾಗಿಸಿಕೊಳ್ಳುವುದು ಕಷ್ಟ. ಜೊತೆಗೆ ಇನ್ನೊಂದು ಪದ ಸೇರಿಸಬೇಕಾಗುತ್ತದೆ. ನಿಮ್ಮ ಹಳೆಯ ಗ್ರಾಹಕರ ವಿಷಯ ಬೇರೆಯಾಗಿ ಯೋಚಿಸಬೇಕಾದದ್ದು, ಪ್ರತ್ಯೇಕವಾಗಿ ಬರೆದು ಕೇಳಿ.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ಇಲ್ಲಿ ಹೊರಗಿನವರು ನಮ್ಮ ಪದಗಳನ್ನು ಓದುವುದನ್ನು ದಿನವೂ ಕೇಳುವವಳಾಗಿ ಒಂದು ಮಾತು. ಇಲ್ಲಿನ ದೊಡ್ಡ ವಿಡಿಯೋ ಸೇವೆಯೊಂದರ ಹೆಸರು Hulu. ನಮ್ಮ ತಾಯಿ ಮೊದಲ ಸಲ ಬಂದಾಗ ಟಿವಿಯಲ್ಲಿ ಅದನ್ನು ಓದಿ, ಹುಳು ಎಂದು ಯಾಕೆ ಹೆಸರಿಟ್ಟಿದ್ದಾರೆ ಎಂದು ಕೇಳಿದರು. ಅವರಿಗೆ ಕನ್ನಡದ ಮಾರುಕಟ್ಟೆ ಬೇಕಿರಲಿಲ್ಲ, ಆದ್ದರಿಂದ ನಷ್ಟವಿಲ್ಲ. ನಿಮಗೆ ಎರಡೂ ಕಡೆಯವರು ಬೇಕು.

‘ತಿಳಿ’ ನನಗೆ ಚೆನ್ನಾಗಿ ಕೇಳಿಸುತ್ತದೆ. Tili ಎಂದು ಬರೆದರೆ ಇಲ್ಲಿನವರು ‘ಟಿಲಿ’ ಎನ್ನುತ್ತಾರೆ, ಅರ್ಥ ಹೋದರೂ ಕೆಟ್ಟ ಅರ್ಥ ಬರುವುದಿಲ್ಲ. ಒಂದೇ ಅನುಮಾನವೆಂದರೆ, ನಮ್ಮ ಕಡೆ ತ ಅಕ್ಷರಕ್ಕೆ th ಬರೆಯುವ ರೂಢಿ, ಉತ್ತರದವರಿಗೆ t ಸಾಕು. ಗೀತಾ ಎಂಬ ಹೆಸರನ್ನು ನಾವು Geetha ಎನ್ನುತ್ತೇವೆ, ಅವರು Geeta ಎನ್ನುತ್ತಾರೆ. ಹುಡುಕುವವರು ಎರಡು ರೀತಿಯಲ್ಲಿ ಬರೆಯುತ್ತಾರೆ.

ಅಚ್ಚುಮೊಳೆ (ಬೆಂಗಳೂರು)

ಇಂಗ್ಲಿಷಿನ ಕಡೆಯಿಂದ ನೋಡಿದರೆ ತಿಳಿಗೆ ಹೆಚ್ಚಿನ ತೊಂದರೆಯಿಲ್ಲ, ಒಪ್ಪುತ್ತೇನೆ. ನನಗೆ ಅಳುಕಿರುವುದು ಕನ್ನಡದ ಕಡೆಯಿಂದಲೇ. ಅಡುಗೆಮನೆಯಲ್ಲಿ ತಿಳಿ ಎಂದರೆ ನೀರಾದದ್ದು: ತಿಳಿಸಾರು, ತಿಳಿಮಜ್ಜಿಗೆ. ಮಂದವಾಗಿರಬೇಕಾದ ಗಾಣದ ಎಣ್ಣೆಗೆ ಹಣ ಕೊಡುವವರು ಕಲಬೆರಕೆಗೆ ಹೆದರಿಯೇ ನಿಮ್ಮ ಬಳಿ ಬರುತ್ತಾರೆ.

ಶೇಂಗಾಸೀಮೆ (ಚಳ್ಳಕೆರೆ)

ಇದನ್ನು ನಾನು ಒಪ್ಪುವುದಿಲ್ಲ ಸರ್. ಗಾಣದಿಂದ ಬಂದ ಎಣ್ಣೆಯನ್ನು ಕೆಲವು ದಿನ ಹಾಗೆಯೇ ಬಿಡುತ್ತೇವೆ, ಮಡ್ಡಿ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಸಿದು ತೆಗೆಯುತ್ತೇವೆ. ನಮ್ಮ ಕೆಲಸದಲ್ಲಿ ತಿಳಿ ಎಂಬುದೇ ಶುದ್ಧತೆಯ ಗುರುತು. ಆದರೂ ಮನೆಗೆ ಎಣ್ಣೆ ಒಯ್ಯುವ ಹೆಂಗಸರನ್ನು ಕೇಳಿ ನೋಡುತ್ತೇನೆ.

ನುಡಿಪ್ರೀತಿ (ಮೈಸೂರು)

ಎಲ್ಲರೂ ಕೆಡುವ ಹೆಸರುಗಳನ್ನೇ ಚರ್ಚಿಸುತ್ತಿದ್ದೀರಿ. ಗಾಣದ ಎಣ್ಣೆಯನ್ನು ಜನ ಗುರುತಿಸುವುದು ಅದರ ಪರಿಮಳದಿಂದ. ಕನ್ನಡದಲ್ಲಿ ಅದಕ್ಕೆ ‘ನರುಗಂಪು’ ಎಂಬ ಸುಂದರವಾದ ಪದವಿದೆ. ಇಂಗ್ಲಿಷಿನವರು ಹೇಗೆ ಓದಿದರೇನು, ಅವರು ಕಲಿತುಕೊಳ್ಳಲಿ.

ಮಂಡ್ಯದ ಬೆಲ್ಲ

ಪದ ಸುಂದರವಾಗಿದೆ ಸರ್, ಆದರೆ ನಮ್ಮ ಸಂತೆಯಲ್ಲಿ ನರುಗಂಪು ಕೊಡಿ ಎಂದು ಕೇಳುವವರು ಸಿಗಲಾರರು. ಅದರ ಅರ್ಧವಾದ ‘ಕಂಪು’ ಸಾಕಲ್ಲವೇ? ಅದರಲ್ಲಿ ಳ ಇಲ್ಲ, ಣ ಇಲ್ಲ, ಮಹಾಪ್ರಾಣವಿಲ್ಲ, ಮೊದಲಲ್ಲಿ ಹ ಇಲ್ಲ, ಕೊನೆಯಲ್ಲಿ ಎ ಇಲ್ಲ.

ಶೇಂಗಾಸೀಮೆ (ಚಳ್ಳಕೆರೆ)

ಕಂಪು ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಡಿಸಿತು. ಅಚ್ಚುಮೊಳೆಯವರು ಹೇಳಿದ ಹಾಗೆಯೇ ಎರಡೂ ಹೆಸರುಗಳನ್ನು ಪರೀಕ್ಷಿಸಿ ನೋಡಿದೆವು. KAMPU ಎಂಬ ಚೀಟಿಯನ್ನು ಹೆಚ್ಚಿನವರು ಕಂಪು ಎಂದೇ ಬರೆದರು, ಕೆಲವು ಹುಡುಗರು ಮಾತ್ರ ಕ್ಯಾಂಪು ಎಂದು ಬರೆದರು. ಫೋನಿನಲ್ಲಿ ಹೇಳಿದಾಗ ಹೆಚ್ಚು ಗೊಂದಲವಾಯಿತು. ಹಲವರಿಗೆ ಅದು ಕೆಂಪು ಎಂದು ಕೇಳಿಸಿತು, ಬೆಂಗಳೂರಿನ ನನ್ನ ತಂಗಿಯ ಮಗಳು Kumpu ಎಂದು ಬರೆದಳು. ತಿಳಿಯ ವಿಷಯದಲ್ಲಿ ಅಚ್ಚುಮೊಳೆಯವರ ಮಾತೇ ನಿಜವಾಯಿತು. ಎಣ್ಣೆ ಕೊಳ್ಳಲು ಬಂದ ಅಜ್ಜಿಯೊಬ್ಬರು, ‘ತಿಳಿ ಎಣ್ಣಿ ಯಾಕಪ್ಪ, ಗಟ್ಟಿ ಇದ್ದದ್ದೇ ಕೊಡು’ ಎಂದರು. ತಿಳಿಯನ್ನು ಪಟ್ಟಿಯಿಂದ ತೆಗೆದೆವು.

ತುಂಗಭದ್ರೆ ಎಡದಂಡೆ (ಸಿಂಧನೂರು)

ನಮ್ಮ ಭಾಗದಲ್ಲಿ ಕ್ಯಾಂಪು ಎಂದರೆ ಕಾಲುವೆ ಬಂದ ಮೇಲೆ ಭತ್ತ ಬೆಳೆಯಲು ಬಂದವರು ಕಟ್ಟಿಕೊಂಡ ಊರು. KAMPU ಎಂಬುದನ್ನು ನಮ್ಮವರು ಖಂಡಿತ ಕ್ಯಾಂಪು ಎಂದು ಓದುತ್ತಾರೆ. ಅದು ಕೆಟ್ಟ ಮಾತೇನೂ ಅಲ್ಲ, ಆದರೆ ಕ್ಯಾಂಪಿನ ಎಣ್ಣೆ ಎಂದಾಗ ಚಳ್ಳಕೆರೆಯ ಶೇಂಗಾ ನೆನಪಾಗುವುದಿಲ್ಲ.

ಅಚ್ಚುಮೊಳೆ (ಬೆಂಗಳೂರು)

ಪರೀಕ್ಷೆಯನ್ನು ಸರಿಯಾಗಿ ಮಾಡಿದ್ದೀರಿ. ಕಂಪು ಸೋತದ್ದು ಕಾಗುಣಿತದಲ್ಲಿ ಅಲ್ಲ, ಅದರ ಗಿಡ್ಡತನದಲ್ಲಿ. ಎರಡೇ ಅಕ್ಷರದ ಪದದಲ್ಲಿ ಮೊದಲ ಸ್ವರ ಕಿವಿತಪ್ಪಿದರೆ ಹಿಡಿದುಕೊಳ್ಳಲು ಬೇರೇನೂ ಉಳಿಯುವುದಿಲ್ಲ. ಮುಂದೆ ಇನ್ನೊಂದು ಪದವಿದ್ದರೆ ಕೆಂಪು ಎಂದು ಕೇಳಿಸುವ ಅಪಾಯ ತಪ್ಪುತ್ತದೆ. ಮಳೆಗಾಲದಲ್ಲಿ ಕಾಲ ಗಾಲವಾದ ಹಾಗೆ, ನೆಲ ಮತ್ತು ಕಂಪು ಸೇರಿ ‘ನೆಲಗಂಪು’ ಎಂದಾಗುತ್ತದೆ. ಶೇಂಗಾ ನೆಲದೊಳಗೆ ಕಾಯಿ ಕಟ್ಟುವ ಬೆಳೆ, ಆದ್ದರಿಂದ ಅರ್ಥವೂ ಹೊಂದುತ್ತದೆ. Nelagampu ಎಂಬುದನ್ನು ಕನ್ನಡಕ್ಕೆ ತಿರುಗಿಸುವಾಗ ಬೇರೆ ಪದ ಬರುವ ದಾರಿ ನನಗೆ ಕಾಣುತ್ತಿಲ್ಲ.

ಇನ್ನೊಂದನ್ನೂ ನೋಡಿ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಸೇರದೆ ಮಾತು ಮುಂದುವರಿಯುವುದಿಲ್ಲ. ‘ನೆಲಗಂಪಿನ ಎಣ್ಣೆ’, ‘ನೆಲಗಂಪನ್ನೇ ಕೊಡಿ’, ‘ನೆಲಗಂಪು ಬಂದಿದೆಯೇ’ ಎಂದೆಲ್ಲ ಅಂಗಡಿಯಲ್ಲಿ ನಿಂತು ಹೇಳಿ ನೋಡಿ, ಎಲ್ಲಿಯೂ ನಾಲಗೆ ತೊಡರುವುದಿಲ್ಲ.

ದಾವಣಗೆರೆ ವರ್ತಕ

ನಾಲ್ಕು ಅಕ್ಷರದ ಹೆಸರು ಉದ್ದವಾಯಿತು. 200 ಮಿಲಿಲೀಟರ್ ಬಾಟಲಿಯ ಲೇಬಲಿನಲ್ಲಿ ಎರಡೂ ಲಿಪಿಗಳಲ್ಲಿ ಹಾಕಿದರೆ ಅಕ್ಷರ ಸಣ್ಣದಾಗುತ್ತದೆ, ದೂರದಿಂದ ಕಾಣುವುದಿಲ್ಲ. ಮಾರುವವನಿಗೆ ಗಿಡ್ಡ ಹೆಸರೇ ಲಾಭ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ನನ್ನ ಮಗನಿಗೆ Nelagampu ತೋರಿಸಿದೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ‘ನೆಲಗ್ಯಾಂಪು’ ಎಂದು ಓದಿದ, ಎರಡನೆಯ ಸಲ ಕೇಳಿಸಿಕೊಂಡ ಮೇಲೆ ಸರಿಯಾಗಿ ಹೇಳಿದ. ಮೊದಲ ಓದಿನಲ್ಲಿ ಅದು ಜಾರುತ್ತದೆ ಎಂಬುದಂತೂ ನಿಜ.

ಕರಡು ಅರ್ಜಿ (ವಕೀಲರು)

ನೋಂದಣಿಯ ದೃಷ್ಟಿಯಿಂದ ನನಗೆ ನೆಲಗಂಪು ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಬರಿಯ ‘ಕಂಪು’ ಎಂದರೆ ಎಣ್ಣೆಯ ಗುಣವನ್ನು ವರ್ಣಿಸುವ ಪದವೆಂದು ಪರೀಕ್ಷಕರು ಆಕ್ಷೇಪಿಸಬಹುದು, ಆಕ್ಷೇಪಿಸದೆಯೂ ಇರಬಹುದು, ಮುಂಚಿತವಾಗಿ ಹೇಳಲು ಬರುವುದಿಲ್ಲ. ಜೋಡಿಸಿದ ಪದಕ್ಕೆ ಆ ತೊಡಕು ಕಡಿಮೆ. ಕನ್ನಡ ಲಿಪಿಯಲ್ಲಿ ಅರ್ಜಿ ಹಾಕುವುದಾದರೆ ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಬರೆದುಕೊಡಬೇಕು. ಅಲ್ಲಿ ನೀವು ಕೊಡುವ ಇಂಗ್ಲಿಷ್ ಕಾಗುಣಿತವೂ ಲೇಬಲಿನ ಮೇಲಿನ ಕಾಗುಣಿತವೂ ಒಂದೇ ಆಗಿರಲಿ. ಹುಡುಕುವಾಗ Nelagampu ಜೊತೆಗೆ Nelakampu, Nelgampu, Kampu ಇವನ್ನೂ 29ನೇ ವರ್ಗದಲ್ಲಿ ನೋಡಿ. ಅರ್ಜಿ ಅಂಗೀಕಾರವಾಗಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ವಿರೋಧ ಸಲ್ಲಿಸಲು ಬೇರೆಯವರಿಗೆ ನಾಲ್ಕು ತಿಂಗಳ ಅವಕಾಶವಿರುತ್ತದೆ, ಆದ್ದರಿಂದ ಮೊದಲ ಬಾರಿಗೆ ಲೇಬಲುಗಳನ್ನು ಕಡಿಮೆ ಸಂಖ್ಯೆಯಲ್ಲೇ ಅಚ್ಚು ಹಾಕಿಸಿ.

ಶೇಂಗಾಸೀಮೆ (ಚಳ್ಳಕೆರೆ)

ಎಲ್ಲರಿಗೂ ವಂದನೆಗಳು. ಈ ವಾರ ವಕೀಲರು ಹೇಳಿದ ನಾಲ್ಕೂ ಕಾಗುಣಿತಗಳನ್ನು ಹುಡುಕುತ್ತೇವೆ. ಅಡ್ಡಿಯಿಲ್ಲದಿದ್ದರೆ ನೆಲಗಂಪು ಹೆಸರಿಗೆ ಅರ್ಜಿ ಹಾಕುತ್ತೇವೆ. ಸಣ್ಣ ಬಾಟಲಿಯ ವಿಷಯದಲ್ಲಿ ವರ್ತಕರ ಮಾತಿನಲ್ಲಿ ತೂಕವಿದೆ, ಅದಕ್ಕೆ ಕನ್ನಡದ ಹೆಸರನ್ನು ಮುಂದೆಯೂ ಇಂಗ್ಲಿಷಿನದನ್ನು ಪಕ್ಕದಲ್ಲಿ ಅಡ್ಡಲಾಗಿಯೂ ಹಾಕಿದರೆ ಹೇಗೆ ಕಾಣುತ್ತದೆಂದು ಅಚ್ಚುಮೊಳೆಯವರು ಒಂದು ಮಾದರಿ ಮಾಡಿ ತೋರಿಸಬಹುದೇ? ಊರಿನ ಅಂಗಡಿಯ ಬೋರ್ಡಿನ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತವಾಗಿಲ್ಲ. ಚಳ್ಳಕೆರೆಯಲ್ಲಿ ಎಣ್ಣೆ ಎಂದರೆ ಮೊದಲು ನೆನಪಾಗುವುದು ಶೇಂಗಾ ಎಣ್ಣೆಯೇ ಎಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ, ಅದನ್ನು ನಾನು ಅಲ್ಲಗಳೆಯಲಾರೆ.